ಸ್ಲೈಡ್ ತಿರುವಿದಾಗ ಚಿತ್ರಗಳು ಜಿಗಿಯದಂತೆ ಮಾಡಿದ್ದು: ಗೈಡ್ ಗೆರೆಗಳೊಂದಿಗೆ ನನ್ನ ಅನುಭವ

ರೇಷ್ಮೆ ಹುಳು ಸಾಕಣೆಯ ತರಬೇತಿಗಾಗಿ ನಾಲ್ಕು ಜನ ಬೇರೆ ಬೇರೆಯಾಗಿ ಸಿದ್ಧಪಡಿಸಿದ್ದ ನಲವತ್ತೆರಡು ಪವರ್‌ಪಾಯಿಂಟ್ ಸ್ಲೈಡ್‌ಗಳನ್ನು ಒಂದೇ ಕಡತಕ್ಕೆ ಸೇರಿಸಿ ಒಪ್ಪ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದೊಂದಾಗಿ ನೋಡಿದಾಗ ಯಾವ ಸ್ಲೈಡೂ ಕೆಟ್ಟದಾಗಿರಲಿಲ್ಲ. ಆದರೆ ಪ್ರದರ್ಶನ ಆರಂಭಿಸಿ Page Down ಕೀಲಿಯನ್ನು ಬೇಗ ಬೇಗನೆ ಒತ್ತುತ್ತಾ ಹೋದಾಗ ಶೀರ್ಷಿಕೆ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಕುಣಿಯಿತು, ಚಿತ್ರಗಳ ಎಡ ಅಂಚು ಪಕ್ಕಕ್ಕೆ ಸರಿಯುತ್ತಲೇ ಇತ್ತು. ಅಂತರ ಕೆಟ್ಟಿದೆಯೇ ಎಂದು ತಿಳಿಯಲು ಇದಕ್ಕಿಂತ ನಂಬಿಕೆಯ ಪರೀಕ್ಷೆಯನ್ನು ನಾನು ಕಂಡಿಲ್ಲ, ಏಕೆಂದರೆ ನಿಂತ ಚಿತ್ರದಲ್ಲಿ ಎರಡು ಮಿಲಿಮೀಟರಿನ ವ್ಯತ್ಯಾಸವನ್ನು ಗುರುತಿಸದ ಕಣ್ಣು ಅದೇ ವ್ಯತ್ಯಾಸ ಚಲನೆಯಾಗಿ ಕಂಡಾಗ ತಕ್ಷಣ ಹಿಡಿಯುತ್ತದೆ.

ಮೊದಲು ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ರತಿ ಸ್ಲೈಡಿನಲ್ಲೂ ಮೂರು ಚಿತ್ರಗಳನ್ನು ಒಟ್ಟಿಗೆ ಆಯ್ದು Align ಪಟ್ಟಿಯಿಂದ Align Top, ಬಳಿಕ Distribute Horizontally ಕೊಟ್ಟೆ. ಸುಮಾರು ಹತ್ತು ಸ್ಲೈಡ್ ಮುಗಿಸಿ ಮತ್ತೆ ತಿರುವಿ ನೋಡಿದರೆ ಜಿಗಿತ ಹಾಗೆಯೇ ಇತ್ತು. ಕಾರಣ ತಿಳಿದದ್ದು ಆ ಆಜ್ಞೆ ಏನು ಮಾಡುತ್ತದೆ ಎಂದು ನಿಧಾನವಾಗಿ ಗಮನಿಸಿದಾಗ. ಆಯ್ದ ವಸ್ತುಗಳ ನಡುವೆ ಹಂಚುವಾಗ ಅದು ಎಡತುದಿಯ ಮತ್ತು ಬಲತುದಿಯ ವಸ್ತುಗಳನ್ನು ಇದ್ದಲ್ಲಿಯೇ ಬಿಟ್ಟು ನಡುವಿನದನ್ನು ಮಾತ್ರ ಸರಿಸುತ್ತದೆ. ಹಾಗಾಗಿ ಒಂದು ಸ್ಲೈಡಿನೊಳಗೆ ಎರಡೂ ಅಂತರಗಳು ಸಮವಾಗುತ್ತವೆ, ಆದರೆ ಒಂದು ಸ್ಲೈಡಿನಲ್ಲಿ ಅದು ಅರ್ಧ ಸೆಂಟಿಮೀಟರ್, ಮುಂದಿನದರಲ್ಲಿ ಒಂದು ಸೆಂಟಿಮೀಟರ್ ಆಗಿರಬಹುದು. ಸ್ಲೈಡಿನಿಂದ ಸ್ಲೈಡಿಗೆ ಸಾಮ್ಯ ಬೇಕಿದ್ದರೆ ಅಂಚುಗಳು ನಿಲ್ಲುವ ಜಾಗವನ್ನೇ ಸಂಖ್ಯೆಯಲ್ಲಿ ಮೊದಲು ನಿಶ್ಚಯಿಸಬೇಕಾಗುತ್ತದೆ.

ಅಗಲ ಪರದೆಯ ಸ್ಲೈಡಿನ ಅಳತೆ 33.867 ಸೆಂ.ಮೀ. ಅಗಲ, 19.05 ಸೆಂ.ಮೀ. ಎತ್ತರ. ಅದರಲ್ಲಿ ವಿಷಯಕ್ಕೆ 30 ಸೆಂ.ಮೀ. ಅಗಲವನ್ನು ಇಟ್ಟುಕೊಂಡೆ, ಎರಡೂ ಬದಿಯಲ್ಲಿ ಸುಮಾರು 1.93 ಸೆಂ.ಮೀ. ಖಾಲಿ ಉಳಿಯಿತು. ಕಂಬಗಳ ನಡುವಿನ ಸಂದು 0.6 ಎಂದು ನಿಶ್ಚಯಿಸಿದ ಮೇಲೆ ಮೂರು ಕಂಬಗಳಿಗೆ ಎರಡು ಸಂದುಗಳು, ಅಂದರೆ 1.2 ಸೆಂ.ಮೀ. ಹೋಗಿ, ಪ್ರತಿ ಕಂಬಕ್ಕೆ 9.6 ಸೆಂ.ಮೀ. ದೊರೆಯಿತು. ನಮ್ಮ ಬಹುಪಾಲು ಚಿತ್ರಗಳು ಕ್ಯಾಮೆರಾದಿಂದ ನಾಲ್ಕಕ್ಕೆ ಮೂರರ ಪ್ರಮಾಣದಲ್ಲಿ ಬಂದಿದ್ದರಿಂದ 9.6ಕ್ಕೆ 7.2 ಎತ್ತರ ಸರಿಯಾಗಿ ಕೂತಿತು.

ಈ ಅಂಚುಗಳನ್ನು ಗುರುತಿಸಿಕೊಳ್ಳಲು ಗೈಡ್ ಗೆರೆಗಳನ್ನು ಬಳಸಿದೆ, ಇವು ಜೋಡಣೆಯ ನೆರವಿಗೆ ಮಾತ್ರ ಇರುವ, ಪ್ರದರ್ಶನದಲ್ಲಿ ಕಾಣದ ಗೆರೆಗಳು. ಗೈಡ್ ಗೆರೆಯನ್ನು ಎಳೆಯುವಾಗ ಪವರ್‌ಪಾಯಿಂಟ್ ತೋರಿಸುವ ಸಂಖ್ಯೆ ಸ್ಲೈಡಿನ ನಡುವಿನಿಂದ ಅಳೆದದ್ದು, ಎಡ ಅಂಚಿನಿಂದಲ್ಲ. ಆದ್ದರಿಂದ ನಡುಗೆರೆಯ ಎರಡೂ ಬದಿಗೆ 15.00, 5.40 ಮತ್ತು 4.80ರಲ್ಲಿ ಒಂದೊಂದು, ಒಟ್ಟು ಆರು ಲಂಬ ಗೆರೆಗಳು ಸಾಕಾದವು. ಇವುಗಳನ್ನು ಹಾಕಿದ್ದು View ಪಟ್ಟಿಯ Slide Master ಒಳಗೆ, ಎಲ್ಲಕ್ಕಿಂತ ಮೇಲಿರುವ ಮೂಲ ಪುಟದಲ್ಲಿ. ಸಾಮಾನ್ಯ ನೋಟದಲ್ಲಿ ಎಳೆದ ಗೆರೆಯನ್ನು ಯಾರಾದರೂ ಚಿತ್ರ ಸರಿಸುವಾಗ ಅರಿವಿಲ್ಲದೆ ಎಳೆದುಬಿಡುತ್ತಾರೆ. ಮಾಸ್ಟರಿನಲ್ಲಿ ಹಾಕಿದ್ದು ಎಲ್ಲ ಸ್ಲೈಡುಗಳಲ್ಲೂ ಕಾಣುತ್ತದೆ, ಆದರೆ ಅಲ್ಲಿಂದ ಕದಲಿಸಲು ಬರುವುದಿಲ್ಲ. ಒಂದು ಗೆರೆಯನ್ನು Ctrl ಒತ್ತಿ ಎಳೆದರೆ ಅದರ ಪ್ರತಿ ಸಿಗುತ್ತದೆ. Alt+F9 ಒತ್ತಿದರೆ ಗೆರೆಗಳು ಮರೆಯಾಗುತ್ತವೆ, ಮತ್ತೆ ಒತ್ತಿದರೆ ಬರುತ್ತವೆ. ಗ್ರಿಡ್ಡಿನ ಅಂತರವನ್ನು 0.2 ಸೆಂ.ಮೀ.ಗೆ ಇಟ್ಟುಕೊಂಡಿದ್ದೆ, ನನ್ನ ಮೂರೂ ಸಂಖ್ಯೆಗಳು ಅದರ ಗುಣಕಗಳಾಗಿದ್ದವು. ಗ್ರಿಡ್ಡಿನ ಚುಕ್ಕೆಗಳನ್ನು ಮಾತ್ರ ನಾನು ಎಂದೂ ತೋರಿಸಿಕೊಳ್ಳುವುದಿಲ್ಲ. ಚುಕ್ಕೆಗಳ ರಂಗೋಲಿಯ ಮೇಲೆ ಚಿತ್ರ ಜೋಡಿಸಲು ನನ್ನ ಕಣ್ಣಿಗೆ ಆಗದು.

ಕಣ್ಣಳತೆಯನ್ನು ನಂಬದೆ ಕೊನೆಗೆ ಸಂಖ್ಯೆಯನ್ನೂ ನೋಡುತ್ತಿದ್ದೆ. Format Picture ಫಲಕದ Position ವಿಭಾಗ ಎಡ ಮೇಲ್ಮೂಲೆಯಿಂದ ಅಳೆಯುವುದರಿಂದ ಅಲ್ಲಿ ಮೂರು ಚಿತ್ರಗಳ ಅಡ್ಡ ಸ್ಥಾನ 1.93, 12.13 ಮತ್ತು 22.33 ಎಂದಿರಬೇಕು. 12.2 ಎಂದು ಕಂಡರೆ ಅಂದಾಜಿನಲ್ಲಿ ಇಟ್ಟದ್ದು ಎಂದೇ ಅರ್ಥ.

ಇಷ್ಟಾದರೂ ಚಿತ್ರದ ಕೆಳಗಿನ ವಿವರಣೆಯ ಅಕ್ಷರಗಳು ಚಿತ್ರದ ಎಡ ಅಂಚಿಗಿಂತ ತುಸು ಒಳಗೆ ನಿಂತವು, ಪೆಟ್ಟಿಗೆ ಮಾತ್ರ ಗೆರೆಗೆ ಸರಿಯಾಗಿ ತಾಗಿತ್ತು. ಪಠ್ಯದ ಪೆಟ್ಟಿಗೆಗೆ ಎಡಬಲಗಳಲ್ಲಿ 0.25 ಸೆಂ.ಮೀ., ಮೇಲೆ ಕೆಳಗೆ 0.13 ಸೆಂ.ಮೀ. ಒಳ ಅಂಚು ತಾನಾಗಿಯೇ ಇರುತ್ತದೆ, ಮತ್ತು ಗೈಡ್ ಹಿಡಿಯುವುದು ಪೆಟ್ಟಿಗೆಯ ಅಂಚನ್ನೇ. Format Shape ಫಲಕದ Text Box ವಿಭಾಗದಲ್ಲಿ Left margin ಸೊನ್ನೆ ಮಾಡಿದೊಡನೆ ಅಕ್ಷರಗಳು ಚಿತ್ರದ ಅಂಚಿಗೆ ಬಂದು ನಿಂತವು. ಸುತ್ತ ಬಿಳಿ ಅಂಚನ್ನು ಉಳಿಸಿಕೊಂಡಿದ್ದ ಕೆಲವು ಚಿತ್ರಗಳದ್ದೂ ಇದೇ ಕಥೆ. ಅವುಗಳನ್ನು ಮೊದಲು Crop ಮಾಡಬೇಕಾಯಿತು.

ಕನ್ನಡದ ಪಠ್ಯ ಇನ್ನೊಂದು ತೊಡಕನ್ನು ತಂದಿತು. ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು, ಆ ಜಾಗವನ್ನು ಒಂದೊಂದು ಫಾಂಟ್ ಒಂದೊಂದು ರೀತಿಯಲ್ಲಿ ಕೊಡುತ್ತದೆ. ಪೆಟ್ಟಿಗೆಗಳು Resize shape to fit text ಎಂಬ ಆಯ್ಕೆಯಲ್ಲಿದ್ದುದರಿಂದ, ಒಬ್ಬರು ತುಂಗಾದಲ್ಲಿಯೂ ಮತ್ತೊಬ್ಬರು ನಿರ್ಮಲಾದಲ್ಲಿಯೂ ಬರೆದ ಒಂದೇ ಗಾತ್ರದ ವಿವರಣೆಗಳ ಪೆಟ್ಟಿಗೆಗಳು ಬೇರೆ ಬೇರೆ ಎತ್ತರಕ್ಕೆ ಬೆಳೆದಿದ್ದವು. ಅವುಗಳಿಗೆ Align Bottom ಕೊಟ್ಟಾಗ ಒಂದು ಸಾಲಿನ ವಿವರಣೆ ಕೆಳಗಿಳಿದು ಎರಡು ಸಾಲಿನದು ಮೇಲೇರಿತು. ಎಲ್ಲವನ್ನೂ ಒಂದೇ ಫಾಂಟಿಗೆ ತಂದು, Do not Autofit ಆರಿಸಿ, ಎತ್ತರವನ್ನು ಎರಡು ಸಾಲು ಹಿಡಿಯುವಷ್ಟಕ್ಕೆ ನಿಲ್ಲಿಸಿ, ಪಠ್ಯವನ್ನು ಪೆಟ್ಟಿಗೆಯ ಮೇಲ್ಭಾಗಕ್ಕೆ ಕಟ್ಟಿದ ಮೇಲೆ ಮೊದಲ ಸಾಲುಗಳು ಒಂದೇ ಮಟ್ಟದಲ್ಲಿ ನಿಂತವು. ಹೀಗೆ ಮಾಡಿದಾಗ ಉದ್ದದ ವಿವರಣೆ ಪೆಟ್ಟಿಗೆಯಿಂದ ಹೊರಚೆಲ್ಲುವ ಅಪಾಯವಿದೆ. ಅಂಥ ಆರು ವಿವರಣೆಗಳನ್ನು ಬರೆದವರಿಗೇ ಕಳಿಸಿ ಕಿರಿದು ಮಾಡಿಸಿದೆ.

ನಲವತ್ತೆರಡರಲ್ಲೂ ಕೈಯಿಂದ ಸರಿಸುವುದಕ್ಕಿಂತ, ಮಾಸ್ಟರಿನಡಿ ಒಂದು ಲೇಔಟ್ ಮಾಡಿ ಆ ಗೆರೆಗಳ ನಡುವೆಯೇ ಮೂರು ಚಿತ್ರ ಪ್ಲೇಸ್‌ಹೋಲ್ಡರುಗಳನ್ನು ಇಟ್ಟದ್ದರಿಂದ ಬಹಳ ಸಮಯ ಉಳಿಯಿತು. ಅದರೊಳಗೆ ಸೇರಿಸಿದ ಚಿತ್ರ ಚೌಕಟ್ಟು ತುಂಬುವಂತೆ ತಾನೇ ಕತ್ತರಿಸಿಕೊಳ್ಳುತ್ತದೆ, ಯಾರಾದರೂ ಎಳೆದಾಡಿದರೂ Reset ಒತ್ತಿದರೆ ಮರಳಿ ತನ್ನ ಜಾಗಕ್ಕೆ ಬರುತ್ತದೆ. ಆದರೆ ಹಿಂದೆಯೇ ಅಂಟಿಸಿದ್ದ ಬಿಡಿ ಚಿತ್ರಗಳಿಗೆ ಲೇಔಟಿನ ಹಂಗಿಲ್ಲ. ಅವು Resetಗೂ ಬಗ್ಗುವುದಿಲ್ಲ. ಅವುಗಳನ್ನು ಒಂದೊಂದಾಗಿ ತೆಗೆದು ಪ್ಲೇಸ್‌ಹೋಲ್ಡರಿನೊಳಗೆ ಮತ್ತೆ ಸೇರಿಸುವುದರಲ್ಲಿ ಒಂದು ಮಧ್ಯಾಹ್ನವೇ ಕಳೆಯಿತು.

ಈ ಕಂಬಗಳಿಗೆ ಒಗ್ಗದೆ ಉಳಿದದ್ದು ಒಂದೇ ಸ್ಲೈಡ್. ರೇಷ್ಮೆ ಹುಳುವಿಗೆ ಐದು ಹಂತಗಳು, ಅವುಗಳ ನಡುವೆ ನಾಲ್ಕು ಜ್ವರಗಳು. ಸಾಕಣೆಗಾರರು ಹುಳು ಪೊರೆ ಬಿಡುವ ಕಾಲವನ್ನು ಜ್ವರವೆಂದೇ ಕರೆಯುತ್ತಾರೆ. ಐದೂ ಚಿತ್ರಗಳನ್ನು ಒಂದೇ ಸಾಲಿನಲ್ಲಿ ಇಟ್ಟರೆ ನಾಲ್ಕು ಸಂದು ಕಳೆದು ತಲಾ 5.52 ಸೆಂ.ಮೀ. ಮಾತ್ರ ಸಿಗುತ್ತಿತ್ತು, ಮೊದಲ ಹಂತದ ಹುಳು ಹಿಂದಿನ ಸಾಲಿನವರಿಗೆ ಕಾಣುತ್ತಲೇ ಇರಲಿಲ್ಲ. ಅದಕ್ಕಾಗಿ ಅದೇ ಆರು ಗೆರೆಗಳನ್ನು ಉಳಿಸಿಕೊಂಡು, ಎತ್ತರವನ್ನು 7.2ರಿಂದ 5.4ಕ್ಕೆ ಇಳಿಸಿದ ಎರಡನೇ ಲೇಔಟ್ ಮಾಡಿ, ಮೇಲೆ ಮೂರು, ಕೆಳಗೆ ಎರಡು ಚಿತ್ರಗಳನ್ನು ಇಟ್ಟೆ. ಕೆಳಸಾಲಿನಲ್ಲಿ ಖಾಲಿ ಉಳಿದ ಮೂರನೇ ಕಂಬಕ್ಕೆ ಜ್ವರದ ದಿನಗಳಲ್ಲಿ ಸೊಪ್ಪು ನಿಲ್ಲಿಸಬೇಕೆಂಬ ಎಚ್ಚರಿಕೆಯ ಸಾಲುಗಳು ಬಂದವು.