ಶಾಡೋಬ್ಯಾನ್ ಅಂತ ಫೋನ್ ಬಂದಾಗ ನಾನು ಮೊದಲು ತೆಗೆಯುವ ಪುಟ

ಮೈಸೂರಿನ ಕೆಲವು ಸಣ್ಣ ಅಂಗಡಿಗಳ ಇನ್‌ಸ್ಟಾಗ್ರಾಂ ಖಾತೆಗಳನ್ನು ನಾನು ನೋಡಿಕೊಳ್ಳುತ್ತೇನೆ. ದಸರಾ, ದೀಪಾವಳಿ ಮುಗಿದ ಮೇಲೆ ಫೋನ್‌ಗಳು ಶುರುವಾಗುತ್ತವೆ. ‘ಸರ್, ವ್ಯೂಸೇ ಬರ್ತಿಲ್ಲ, ಶಾಡೋಬ್ಯಾನ್ ಮಾಡ್ಬಿಟ್ಟಿದಾರೆ.’ ಅಂದರೆ ಇನ್‌ಸ್ಟಾಗ್ರಾಂ ಹೇಳದೆ ಕೇಳದೆ ನಮ್ಮ ಪೋಸ್ಟ್‌ಗಳನ್ನು ಜನಕ್ಕೆ ತೋರಿಸದೆ ತಡೆದಿದೆ ಅಂತ. ಒಂದು ಸಲ ಒಂದೇ ವಾರದಲ್ಲಿ ಇಬ್ಬರು ಹೀಗೆ ಫೋನ್ ಮಾಡಿದರು, ಒಬ್ಬರು ಸೀರೆ ಅಂಗಡಿಯವರು, ಇನ್ನೊಬ್ಬರು ಮನೆಯಲ್ಲೇ ಕಷಾಯದ ಪುಡಿ ಮಾಡಿ ಮಾರುವ ಅಕ್ಕ. ದೂರು ಒಂದೇ. ಆದರೆ ಒಬ್ಬರ ಖಾತೆಗೆ ಏನೂ ಆಗಿರಲಿಲ್ಲ, ಇನ್ನೊಬ್ಬರದು ನಿಜಕ್ಕೂ ತಡೆಯಲ್ಲಿತ್ತು.

ಮೊದಲು ಸೀರೆ ಅಂಗಡಿ. ಅವರ ಒಂದು ರೀಲ್ ಹಬ್ಬದ ಹೊತ್ತಿಗೆ 1.8 ಲಕ್ಷ ವ್ಯೂಸ್ ದಾಟಿತ್ತು. ರೇಷ್ಮೆ ಸೀರೆಯ ಜರಿಯನ್ನು ಬೆಳಕಿಗೆ ಹಿಡಿದು ತೋರಿಸಿದ್ದು, ಅಷ್ಟೇ. ಆಮೇಲೆ ಹಾಕಿದವೆಲ್ಲ ನಾಲ್ಕು, ಐದು ಸಾವಿರಕ್ಕೆ ನಿಂತವು. ಮಾಲೀಕರ ತಲೆಯಲ್ಲಿ 1.8 ಲಕ್ಷವೇ ಕೂತುಬಿಟ್ಟಿದೆ, ಅದರ ಮುಂದೆ ಐದು ಸಾವಿರ ಅಂದರೆ ಶಿಕ್ಷೆ ಕೊಟ್ಟ ಹಾಗೆ ಕಾಣುತ್ತದೆ. ನಾನು ಮಾಡಿದ್ದು ಇಷ್ಟು. ಆ ಓಡಿದ ರೀಲ್‌ಗಿಂತ ಹಿಂದಿನ ಹತ್ತು ರೀಲ್‌ಗಳ ವ್ಯೂಸ್ ಬರೆದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನ ಸಂಖ್ಯೆ ನೋಡಿದೆ. ಸುಮಾರು 4,600. ಆಮೇಲಿನ ಹತ್ತರ ನಡುವಿನ ಸಂಖ್ಯೆ 4,900. ಅಂದರೆ ಇಳಿದದ್ದೇ ಇಲ್ಲ! ಸರಾಸರಿ ತೆಗೆಯಬೇಡಿ, ಓಡಿದ ಒಂದೇ ರೀಲ್ ಅದನ್ನು ಎಲ್ಲಿಗೋ ಎಳೆದುಕೊಂಡು ಹೋಗುತ್ತದೆ.

ರೀಲ್ ಓಡುವುದು ಹೇಗೆ ಅನ್ನುವುದು ಗೊತ್ತಿದ್ದರೆ ಈ ಗಾಬರಿ ಅರ್ಧ ಇಳಿಯುತ್ತದೆ. ಮೊದಲು ಸ್ವಲ್ಪ ಜನಕ್ಕೆ ತೋರಿಸುತ್ತಾರೆ. ಅವರು ಎಷ್ಟು ಹೊತ್ತು ನೋಡಿದರು, ಲೈಕ್ ಒತ್ತಿದರಾ, ಬೇರೆಯವರಿಗೆ ಕಳಿಸಿದರಾ ಅನ್ನುವುದರ ಮೇಲೆ ಮುಂದಿನ ಗುಂಪು ನಿರ್ಧಾರವಾಗುತ್ತದೆ. ಈ ಮೂರೂ ಮುಖ್ಯ ಎಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿಯೇ 2025ರ ಜನವರಿಯಲ್ಲಿ ಹೇಳಿದ್ದರು. ಹಾಗಾಗಿ ಎರಡು ರೀಲ್‌ಗಳ ನಡುವೆ ಐದು ಪಟ್ಟು, ಹತ್ತು ಪಟ್ಟು ವ್ಯತ್ಯಾಸ ಬರುವುದು ಮಾಮೂಲಿ. ಹಬ್ಬ ಮುಗಿದ ಮೇಲೆ ಸೀರೆ ಹುಡುಕುವವರೂ ಕಡಿಮೆ.

ಈಗ ಪುಡಿ ಅಕ್ಕನ ಖಾತೆ. ಇಲ್ಲಿ ನಡುವಿನ ಸಂಖ್ಯೆಯೇ 9,000ದಿಂದ 2,300ಕ್ಕೆ ಬಿದ್ದಿತ್ತು, ಅದೂ ಒಂದು ದಿನದಿಂದ ಇನ್ನೊಂದು ದಿನಕ್ಕೆ, ಮೆಟ್ಟಿಲು ಇಳಿದ ಹಾಗೆ. ಆದರೂ ಬಿದ್ದಿದೆ ಅನ್ನುವುದಷ್ಟೇ ಸಾಕ್ಷಿ ಆಗುವುದಿಲ್ಲ. ಬಿದ್ದದ್ದು ಯಾರ ವ್ಯೂಸ್ ಅನ್ನುವುದು ಗೊತ್ತಾಗಬೇಕು. ರೀಲ್‌ನ ಇನ್‌ಸೈಟ್ಸ್ ತೆಗೆದರೆ ನೋಡಿದವರನ್ನು Followers, Non-followers ಅಂತ ಶೇಕಡಾ ಲೆಕ್ಕದಲ್ಲಿ ಬೇರೆ ಮಾಡಿ ತೋರಿಸುತ್ತದೆ. ನಾನು ಮೊದಲು ತೆಗೆಯುವ ಪುಟ ಇದೇ.

ಹಳೆಯ ರೀಲ್‌ನಲ್ಲಿ 9,000 ವ್ಯೂಸ್, ಅದರಲ್ಲಿ ಫಾಲೋವರ್ಸ್ 25 ಶೇಕಡಾ, ಅಂದರೆ 2,250. ಉಳಿದ 6,750 ಹೊರಗಿನವರದು. ಹೊಸ ರೀಲ್‌ನಲ್ಲಿ 2,300 ವ್ಯೂಸ್, ಅದರಲ್ಲಿ ಫಾಲೋವರ್ಸ್ 94 ಶೇಕಡಾ. ಲೆಕ್ಕ ಹಾಕಿದರೆ 2,160 ಚಿಲ್ಲರೆ. ಫಾಲೋವರ್ಸ್ ಹೆಚ್ಚುಕಡಿಮೆ ಅಷ್ಟೇ ಜನ ನೋಡಿದ್ದಾರೆ. ಹೊರಗಿನವರು ಮಾತ್ರ 6,750ರಿಂದ 140ಕ್ಕೆ ಇಳಿದಿದ್ದಾರೆ. ಆ 140 ಯಾರೋ ಶೇರ್ ಮಾಡಿದ್ದರಿಂದ ಅಥವಾ ಪ್ರೊಫೈಲ್‌ಗೇ ಬಂದು ನೋಡಿದ್ದರಿಂದ ಸಿಕ್ಕಿರಬೇಕು. ರೀಲ್ ಚೆನ್ನಾಗಿಲ್ಲದಿದ್ದರೆ ಫಾಲೋವರ್ಸ್ ಕೂಡ ಬೇಗ ಬೇಗ ದಾಟಿಸಿ ಹೋಗುತ್ತಾರೆ, ಎರಡೂ ಕಡೆ ಇಳಿಯುತ್ತದೆ. ಒಂದೇ ಕಡೆ ನಲ್ಲಿ ಮುಚ್ಚಿದ ಹಾಗೆ ನಿಂತು, ಹೀಗೆ ರೀಲ್ ಮೇಲೆ ರೀಲ್ ಮುಂದುವರಿದರೆ ಆಗ ನನಗೆ ಅನುಮಾನ.

ಆಮೇಲೆ Account Status. ಸೆಟ್ಟಿಂಗ್ಸ್‌ನ ಹುಡುಕಾಟದಲ್ಲಿ ಈ ಹೆಸರು ಟೈಪ್ ಮಾಡಿದರೆ ಸಿಗುತ್ತದೆ. 2022ರ ಡಿಸೆಂಬರ್‌ನಿಂದ ಬಿಸಿನೆಸ್, ಕ್ರಿಯೇಟರ್ ಖಾತೆಗಳಿಗೆ ಇದರಲ್ಲಿ ನಿಮ್ಮ ಪೋಸ್ಟ್‌ಗಳನ್ನು ಫಾಲೋ ಮಾಡದವರಿಗೆ ಶಿಫಾರಸು ಮಾಡಬಹುದೋ ಇಲ್ಲವೋ ಅನ್ನುವುದೂ ಕಾಣುತ್ತದೆ. ಅಕ್ಕನ ಖಾತೆಯಲ್ಲಿ ಮಾಡಲಾಗದು ಅಂತಿತ್ತು, ಕಾರಣವಾದ ರೀಲ್‌ಗಳೂ ಅಲ್ಲೇ ಇದ್ದವು. ಒಂದರಲ್ಲಿ ‘ಹದಿನೈದೇ ದಿನದಲ್ಲಿ ತೂಕ ಇಳಿಯುತ್ತೆ, ಶುಗರ್ ಹತೋಟಿಗೆ ಬರುತ್ತೆ’ ಎಂಬ ಮಾತು.

ಇನ್‌ಸ್ಟಾಗ್ರಾಂನಲ್ಲಿ ನಿಯಮ ಎರಡು ಥರ ಇವೆ. ಒಂದನ್ನು ಮುರಿದರೆ ಪೋಸ್ಟನ್ನೇ ತೆಗೆಯುತ್ತಾರೆ. ಇನ್ನೊಂದು ಶಿಫಾರಸಿನ ನಿಯಮ. ಅದಕ್ಕೆ ಹೊಂದದ ಪೋಸ್ಟ್ ಇದ್ದ ಹಾಗೇ ಇರುತ್ತದೆ, ಫಾಲೋವರ್ಸ್‌ಗೂ ಕಾಣಬಹುದು, ಆದರೆ ಎಕ್ಸ್‌ಪ್ಲೋರ್‌ನಲ್ಲಿ, ರೀಲ್ಸ್‌ನಲ್ಲಿ ಹೊಸಬರ ಮುಂದೆ ಬರುವುದಿಲ್ಲ. ಪವಾಡದಂತೆ ರೋಗ ವಾಸಿ ಎನ್ನುವುದು, ತೂಕ ಇಳಿಸುತ್ತದೆ ಎಂದು ಪುಡಿ, ಮಾತ್ರೆ ಮಾರುವುದು ಈ ಎರಡನೆಯ ನಿಯಮದಲ್ಲೇ ಇವೆ. ಶಾಡೋಬ್ಯಾನ್ ಅಂತ ಜನ ಕರೆಯುವುದರಲ್ಲಿ ನಿಜ ಇರುವ ಭಾಗ ಬಹುಪಾಲು ಇದೇ. (ಇನ್‌ಸ್ಟಾಗ್ರಾಂ ಬಿಡಿ, ಮಧುಮೇಹ, ಬೊಜ್ಜು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾಯ್ದೆಯೇ ತಡೆಯುತ್ತದೆ. ಅಕ್ಕನಿಗೆ ಇದನ್ನು ಹೇಳಿದಾಗ ಶಾಡೋಬ್ಯಾನ್ ವಿಷಯ ಅರೆಕ್ಷಣ ಮರೆತೇ ಹೋಯಿತು.)

ಕ್ಯಾಪ್ಶನ್ ತಿದ್ದಿದರೆ ಸಾಲದಾ ಅಂತ ಅವರು ಕೇಳಿದರು. ಮಾತು ವಿಡಿಯೋ ಒಳಗೇ ಇತ್ತಲ್ಲ, ಸಾಲುವುದಿಲ್ಲ. ತೂಕ, ಶುಗರ್ ಅಂದಿದ್ದ ರೀಲ್‌ಗಳನ್ನು ಅಳಿಸಿದೆವು. ಪಟ್ಟಿಯಲ್ಲಿ ಇನ್ನೊಂದು ರೀಲ್ ಇತ್ತು, ಅದರಲ್ಲಿ ಧನಿಯ, ಜೀರಿಗೆ, ಕಾಳುಮೆಣಸು ಹುರಿದು ಪುಡಿ ಮಾಡುವುದು ಬಿಟ್ಟರೆ ಏನೂ ಇರಲಿಲ್ಲ. ಅದನ್ನು ಅಳಿಸದೆ, ಮತ್ತೆ ಪರಿಶೀಲಿಸಿ ಎಂದು ಅಲ್ಲಿಂದಲೇ ಮನವಿ ಹಾಕಿದೆ. ಅದು ನಮ್ಮ ಪರ ಆಯಿತು, ಖಾತೆಯ ಸ್ಥಿತಿಯೂ ಸರಿಹೋಯಿತು. ವ್ಯೂಸ್ ಮಾತ್ರ ಮರುದಿನವೇ 9,000 ಆಗಲಿಲ್ಲ. ಹೊರಗಿನವರ ಪಾಲು ಮೊದಲು ಮೇಲೆದ್ದಿತು, ಒಟ್ಟು ಸಂಖ್ಯೆ ನಿಧಾನಕ್ಕೆ ಹಿಂದೆ ಬಂತು.

ನಾನು ನೋಡುವ ಮೊದಲೇ ಇಬ್ಬರೂ ಕಿವಿಗೆ ಬಿದ್ದ ಔಷಧಿಗಳನ್ನೆಲ್ಲ ಮಾಡಿಯಾಗಿತ್ತು. ಎರಡು ದಿನ ಏನೂ ಹಾಕದೆ ಕೂರುವುದು, ಆ್ಯಪ್ ತೆಗೆದು ಮತ್ತೆ ಹಾಕುವುದು, ಇವುಗಳಿಂದ ಕೆಟ್ಟದ್ದೂ ಇಲ್ಲ, ಒಳ್ಳೆಯದೂ ಇಲ್ಲ. ಹ್ಯಾಷ್‌ಟ್ಯಾಗ್ ಪುಟದಲ್ಲಿ ನನ್ನ ಪೋಸ್ಟ್ ಕಾಣಲಿಲ್ಲ ಅನ್ನುವುದು ಸಾಕ್ಷಿಯಲ್ಲ, ಆ ಪುಟ ಆಯ್ದ ಪೋಸ್ಟ್‌ಗಳನ್ನು ಮಾತ್ರ ತೋರಿಸುತ್ತದೆ. ಬಿಸಿನೆಸ್ ಖಾತೆಯನ್ನು ಪರ್ಸನಲ್‌ಗೆ ಬದಲಿಸುವುದು ಮಾತ್ರ ನಷ್ಟವೇ, ಏಕೆಂದರೆ ಮೇಲೆ ಹೇಳಿದ ಇನ್‌ಸೈಟ್ಸ್ ಕಾಣುವುದೇ ನಿಲ್ಲುತ್ತದೆ. ಶಾಡೋಬ್ಯಾನ್ ಇದೆಯಾ ಪರೀಕ್ಷಿಸಿ ಕೊಡುತ್ತೇವೆ ಅನ್ನುವ ಹೊರಗಿನ ಸೈಟ್‌ಗಳಿಗೆ ಇನ್‌ಸ್ಟಾಗ್ರಾಂನ ಒಳಲೆಕ್ಕ ಕಾಣುವುದಿಲ್ಲ. ಪಾಸ್‌ವರ್ಡ್ ಕೇಳಿದರಂತೂ ಆ ಕಡೆ ತಲೆ ಹಾಕಬೇಡಿ.

ಇನ್ನೊಂದು ಸ್ಥಿತಿ ಇದೆ, ಕಷ್ಟದ್ದು. Account Status ಪೂರ್ತಿ ಹಸಿರು, ಆದರೂ ಹೊರಗಿನವರು ಇಲ್ಲ. ಬೇರೆ ಆ್ಯಪ್‌ನ ಲೋಗೋ ಉಳಿದಿರುವ ವಿಡಿಯೋಗಳನ್ನು ಹಿಂದೆ ಸರಿಸುತ್ತೇವೆ ಎಂದು ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿತ್ತು. ಬೇರೆಯವರ ವಿಡಿಯೋಗಳನ್ನೇ ಮತ್ತೆ ಮತ್ತೆ ಎತ್ತಿ ಹಾಕುವ ಖಾತೆಗಳನ್ನು ಶಿಫಾರಸಿನಿಂದ ಬಿಡುತ್ತೇವೆ ಎಂದು 2024ರ ಏಪ್ರಿಲ್‌ನಲ್ಲಿ ಹೇಳಿತು. ಇಂಥ ಅನುಮಾನ ಬಂದರೆ ನಾನು ಅದೇ ಖಾತೆಯಿಂದ, ಅಂಗಡಿಯಲ್ಲೇ ಹೊಸದಾಗಿ ಚಿತ್ರೀಕರಿಸಿದ ಮೂರ್ನಾಲ್ಕು ವಿಡಿಯೋಗಳನ್ನು ಟ್ರಯಲ್ ರೀಲ್ ಆಗಿ ಹಾಕುತ್ತೇನೆ. ಟ್ರಯಲ್ ರೀಲ್ ಮೊದಲು ಹೋಗುವುದೇ ಫಾಲೋ ಮಾಡದವರ ಮುಂದೆ. ಅದಕ್ಕೆ ಜನ ಸಿಕ್ಕರೆ ಖಾತೆಯ ಬಾಗಿಲು ತೆರೆದೇ ಇದೆ, ತೊಂದರೆ ಹಿಂದೆ ಹಾಕಿದ ವಿಡಿಯೋಗಳದ್ದು. ಎಲ್ಲಕ್ಕೂ ಬೆರಳೆಣಿಕೆಯಷ್ಟೇ ಬಂದರೆ ಹಳೆಯ ಎತ್ತಿ ಹಾಕಿದ ವಿಡಿಯೋಗಳನ್ನು ತೆಗೆಸಿ, ಒಂದು ತಿಂಗಳು ಸ್ವಂತದ್ದನ್ನು ಮಾತ್ರ ಹಾಕಿಸಿ, ಮತ್ತೆ ಅದೇ ಪುಟ ತೆಗೆದು ಹೊರಗಿನವರ ಪಾಲು ನೋಡುತ್ತೇನೆ.