20 ಎಚ್‌ಪಿ ಕಂಪ್ರೆಸರ್ ಜಾಗಕ್ಕೆ 10 ಎಚ್‌ಪಿ: ಪೀಣ್ಯದ ಒಂದು ಶಾಪ್‌ನ ಲೆಕ್ಕ

ನಾಲ್ಕು ವಿಎಂಸಿ ಮಿಲ್ಲಿಂಗ್ ಮಷಿನ್, ಎರಡು ಸಿಎನ್‌ಸಿ ಲೇತ್, ಒಂದಷ್ಟು ನ್ಯೂಮ್ಯಾಟಿಕ್ ಫಿಕ್ಸ್ಚರ್, ಎರಡು ಶಿಫ್ಟ್. ಇಷ್ಟಕ್ಕೆಲ್ಲ ಗಾಳಿ ಕೊಡುತ್ತಿದ್ದದ್ದು ಹನ್ನೆರಡು ವರ್ಷದ 20 ಎಚ್‌ಪಿ ಪಿಸ್ಟನ್ ಕಂಪ್ರೆಸರ್. ಅದನ್ನು ಬದಲಿಸೋಣ ಅಂದಾಗ ಬಂದ ಕೊಟೇಶನ್‌ಗಳೆಲ್ಲ 15 ಎಚ್‌ಪಿ ಅಥವಾ ಅದಕ್ಕಿಂತ ದೊಡ್ಡ ಸ್ಕ್ರೂ ಕಂಪ್ರೆಸರ್‌ಗೆ. 10 ಎಚ್‌ಪಿ ಸಾಕು ಅಂದಾಗ ಮೇಂಟೆನೆನ್ಸ್‌ನವರೂ ನಕ್ಕರು, ಅಕೌಂಟ್ಸ್‌ನವರೂ ನಕ್ಕರು. ಈಗ ವರ್ಷದ ಮೇಲಾಯಿತು, ಗಾಳಿ ಸಾಲದೆ ಒಂದು ಮಷಿನ್ನೂ ನಿಂತಿಲ್ಲ. ಅಂಕಿಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಅಲ್ಪಸ್ವಲ್ಪ ಆಚೀಚೆ ಇರಬಹುದು.

ಮೊದಲ ಸಲ ಲೆಕ್ಕ ತಪ್ಪಿದ್ದು ನೇಮ್‌ಪ್ಲೇಟ್ ನಂಬಿದ್ದಕ್ಕೆ. ಪ್ಲೇಟ್ ಮೇಲೆ 75 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 75 ಘನ ಅಡಿ ಗಾಳಿ, ಅಂತಿತ್ತು. ಅದು ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್, ಹೊರಗೆ ಬರುವ ಗಾಳಿಯಲ್ಲ. ನಿಜ ತಿಳಿಯಲು ಟ್ಯಾಂಕ್ ತುಂಬಿಸಿ ನೋಡಿದ್ದು. ಔಟ್‌ಲೆಟ್ ವಾಲ್ವ್ ಮುಚ್ಚಿ, 500 ಲೀಟರ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಸೊನ್ನೆಯಿಂದ 7 ಬಾರ್‌ಗೆ ಏರಲು ಎಷ್ಟು ಹೊತ್ತು ಅಂತ ಗಡಿಯಾರ ಹಿಡಿದರೆ 2 ನಿಮಿಷ 22 ಸೆಕೆಂಡ್. 500 ಲೀಟರ್ ಗುಣಿಸು 7 ಅಂದರೆ 3,500 ಲೀಟರ್ ಗಾಳಿ, ಸುಮಾರು 124 ಘನ ಅಡಿ. ಅಂದರೆ ಯಂತ್ರ ಕೊಡುತ್ತಿದ್ದದ್ದು 52 ಸಿಎಫ್‌ಎಂ. ಟ್ಯಾಂಕ್ ಒಳಗಿನ ಗಾಳಿ ಬಿಸಿ ಇರುವುದರಿಂದ ಇದೂ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ.

ಆಮೇಲೆ ಭಾನುವಾರ ಎಲ್ಲ ಮಷಿನ್ ಆಫ್ ಮಾಡಿ, ಲೈನ್ ಮಾತ್ರ ತೆರೆದು ಕಂಪ್ರೆಸರ್ ಓಡಿಸಿದ್ದು. ಯಾರೂ ಗಾಳಿ ಬಳಸದಿದ್ದರೂ 70 ಸೆಕೆಂಡ್ ಗಾಳಿ ತುಂಬುವ ಲೋಡ್, 140 ಸೆಕೆಂಡ್ ಗಾಳಿ ಒತ್ತದೆ ಸುಮ್ಮನೆ ತಿರುಗುವ ಅನ್‌ಲೋಡ್. ಮೂರರಲ್ಲಿ ಒಂದು ಪಾಲು, ಅಂದರೆ 17 ಸಿಎಫ್‌ಎಂ, ಬರೀ ಲೀಕ್. ಸೋಪಿನ ನೀರು ಹಿಡಿದು ಹೋದರೆ ಮುಕ್ಕಾಲು ಪಾಲು ಸಿಕ್ಕಿದ್ದು ಡ್ರೈನ್ ವಾಲ್ವ್, ಎಫ್‌ಆರ್‌ಎಲ್ ಬೌಲ್, ಕ್ವಿಕ್ ಕಪ್ಲಿಂಗ್‌ಗಳಲ್ಲಿ. ಉಳಿದದ್ದನ್ನು ಎಲ್ಲಿ ಹುಡುಕಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ರಿಪೇರಿಗೆ ಹದಿನೈದು ಸಾವಿರದ ಆಸುಪಾಸು ಹೋಯಿತು. ಲೀಕ್ 5-6 ಸಿಎಫ್‌ಎಂಗೆ ಇಳಿದು, ಶಾಪ್‌ನ ಸರಾಸರಿ ಬಳಕೆ 40ರಿಂದ 29 ಸಿಎಫ್‌ಎಂಗೆ ಬಂತು.

ಇಡೀ ಲೆಕ್ಕದ ಗಂಟು ಇರುವುದು ಇಲ್ಲೇ. ಲೀಕ್ ಇದ್ದಾಗ ಹಳೆ ಕಂಪ್ರೆಸರ್ ವರ್ಷಕ್ಕೆ ಸುಮಾರು 61,700 ಯೂನಿಟ್ ತಿನ್ನುತ್ತಿತ್ತು, ಲೀಕ್ ನಿಂತ ಮೇಲೆ 49,000. ನಮಗೆ ಯೂನಿಟ್ ಬೀಳುವುದು ಎಂಟು ರೂಪಾಯಿಯಂತೆ, ಓಡುವುದು ವರ್ಷಕ್ಕೆ 4,800 ಗಂಟೆ. ಅಂದರೆ ಲಕ್ಷ ರೂಪಾಯಿ ಉಳಿದದ್ದು ಸೋಪಿನ ನೀರಿನಿಂದ, ಹೊಸ ಯಂತ್ರದಿಂದ ಅಲ್ಲ. ಡೀಲರ್ ಕೊಟ್ಟ ಲೆಕ್ಕದಲ್ಲಿ ಈ ಲಕ್ಷವನ್ನೂ, ಬೇಡಿಕೆಗೆ ತಕ್ಕಂತೆ ಮೋಟರ್ ವೇಗ ಬದಲಿಸುವ ವಿಎಫ್‌ಡಿ ಸ್ಕ್ರೂ ಖಾತೆಗೆ ಹಾಕಿದ್ದರು, ಅದಕ್ಕೇ ಎರಡು ವರ್ಷ ಎರಡು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್ ಅಂತ ಬಂದಿತ್ತು. 49,000ದಿಂದ ಶುರು ಮಾಡಿದರೆ ಅದೇ ಯಂತ್ರಕ್ಕೆ ಮೂರು ವರ್ಷ ಎಂಟು ತಿಂಗಳು.

ಪಕ್ಕಪಕ್ಕ ಇಟ್ಟು ನೋಡಿದ್ದು ನಾಲ್ಕು ದಾರಿ. ಹಳೆಯದನ್ನೇ ಓವರ್‌ಹಾಲ್ ಮಾಡಿಸಿದರೆ ರಿಂಗ್, ವಾಲ್ವ್ ಪ್ಲೇಟ್ ಎಲ್ಲ ಸೇರಿ 90 ಸಾವಿರ, ವರ್ಷಕ್ಕೆ ಉಳಿಯುವುದು 50 ಸಾವಿರದಷ್ಟು. ಒಂದು ವರ್ಷ ಒಂಬತ್ತು ತಿಂಗಳಲ್ಲಿ ದುಡ್ಡು ಬರುತ್ತದೆ, ನಾಲ್ಕರಲ್ಲಿ ಇದೇ ಎಲ್ಲಕ್ಕಿಂತ ಬೇಗ. ಆದರೆ ಆ ಓವರ್‌ಹಾಲ್ ಬಾಳುವುದೇ ಎರಡು ವರ್ಷ. ದುಡ್ಡು ವಾಪಸ್ ಬಂದ ಮೂರು ತಿಂಗಳಿಗೆ ಮತ್ತೆ 90 ಸಾವಿರ ಸುರಿಯಬೇಕು. ಎಷ್ಟು ಬೇಗ ವಾಪಸ್ ಅನ್ನೋದನ್ನು ಮಾತ್ರ ನೋಡಿದವರು ಇಲ್ಲೇ ಎಡವುತ್ತಾರೆ.

15 ಎಚ್‌ಪಿ ಫಿಕ್ಸೆಡ್ ಸ್ಪೀಡ್ ಸ್ಕ್ರೂಗೆ ಪೈಪ್, ಕೇಬಲ್ ಸೇರಿ 3.85 ಲಕ್ಷ, ಉಳಿತಾಯ 79 ಸಾವಿರ, ಹತ್ತಿರ ಹತ್ತಿರ ಐದು ವರ್ಷ. ಕಾರಣ ಸರಳ: 58 ಸಿಎಫ್‌ಎಂ ಯಂತ್ರಕ್ಕೆ 29ರ ಕೆಲಸ ಕೊಟ್ಟರೆ ಅರ್ಧ ಹೊತ್ತು ಅನ್‌ಲೋಡ್‌ನಲ್ಲಿ ಸುಮ್ಮನೆ ಕರೆಂಟ್ ಕುಡಿಯುತ್ತದೆ. ಇನ್ನೊಂದು ಅಪಾಯ ಯಾವ ಕೊಟೇಶನ್‌ನಲ್ಲೂ ಇರುವುದಿಲ್ಲ. ಹೀಗೆ ಅರೆಹೊಟ್ಟೆಯಲ್ಲಿ ಓಡುವ ಸ್ಕ್ರೂ ಸರಿಯಾಗಿ ಬಿಸಿಯಾಗುವುದಿಲ್ಲ, ಗಾಳಿಯ ತೇವ ಎಣ್ಣೆಯಲ್ಲೇ ಉಳಿಯುತ್ತದೆ. ಸೈಟ್ ಗ್ಲಾಸ್‌ನಲ್ಲಿ ಎಣ್ಣೆ ಹಾಲು ಬೆರೆಸಿದ ಹಾಗೆ ಕಂಡರೆ ಅದೇ ಅಂತ ತಿಳಿಯಿರಿ, ಬೇರಿಂಗ್‌ಗೆ ಗ್ರಹಚಾರ ಶುರು. ವಿಎಫ್‌ಡಿಗೆ ಈ ಕರೆಂಟಿನ ಪೋಲು ಇಲ್ಲ, ವರ್ಷಕ್ಕೆ 1.41 ಲಕ್ಷ ಉಳಿಸುತ್ತದೆ, ಆದರೆ ಬೆಲೆ 5.25 ಲಕ್ಷ.

10 ಎಚ್‌ಪಿ ಫಿಕ್ಸೆಡ್ ಸ್ಕ್ರೂ 38 ಸಿಎಫ್‌ಎಂ ಕೊಡುತ್ತದೆ. ಇನ್ನೊಂದು 500 ಲೀಟರ್ ಟ್ಯಾಂಕ್ ಸೇರಿ ಒಟ್ಟು 3.3 ಲಕ್ಷ. ಮುಕ್ಕಾಲು ಹೊತ್ತು ಲೋಡ್‌ನಲ್ಲೇ ಇರುವುದರಿಂದ ಪೋಲು ಕಡಿಮೆ, ಉಳಿತಾಯ 1.36 ಲಕ್ಷ. ವಿಎಫ್‌ಡಿಗಿಂತ ಐದೇ ಸಾವಿರ ಕಮ್ಮಿ, ಬೆಲೆಯಲ್ಲಿ ಎರಡು ಲಕ್ಷದಷ್ಟು ಕಮ್ಮಿ. ವಾಪಸ್ ಎರಡು ವರ್ಷ ಐದು ತಿಂಗಳಲ್ಲಿ. ಜಿಎಸ್‌ಟಿ ಎಲ್ಲೂ ಸೇರಿಸಿಲ್ಲ, ಇನ್‌ಪುಟ್ ಸಿಗುತ್ತದಲ್ಲ.

ಎಲ್ಲರ ಅನುಮಾನ ಇದ್ದದ್ದು ಪೀಕ್ ಬಗ್ಗೆ. ಎಲ್ಲ ವಿಎಂಸಿಗಳೂ ಬ್ಲೋ ಗನ್ನೂ ಒಟ್ಟಿಗೆ ಎಳೆದಾಗ 46 ಸಿಎಫ್‌ಎಂವರೆಗೆ ಹೋಗುತ್ತಿತ್ತು, ಅದೂ ಒಂದೆರಡು ನಿಮಿಷ. ಕೊರತೆ 8 ಸಿಎಫ್‌ಎಂ. ಎರಡು ಟ್ಯಾಂಕ್ ಸೇರಿ ಸಾವಿರ ಲೀಟರ್, 7.5ರಿಂದ 6 ಬಾರ್‌ಗೆ ಇಳಿಯುವಷ್ಟರಲ್ಲಿ 1,500 ಲೀಟರ್, ಅಂದರೆ 53 ಘನ ಅಡಿ ಗಾಳಿ ಕೊಡುತ್ತವೆ. ಆರು ನಿಮಿಷಕ್ಕೂ ಹೆಚ್ಚು ತಡೆಯುತ್ತದೆ. ಹಳೆ ಕಂಪ್ರೆಸರನ್ನು ಗುಜರಿಗೆ ಹಾಕದೆ, ನಾನ್-ರಿಟರ್ನ್ ವಾಲ್ವ್ ಕೂರಿಸಿ ಸ್ಟ್ಯಾಂಡ್‌ಬೈ ಇಟ್ಟದ್ದೂ ಇದೇ ಧೈರ್ಯಕ್ಕೆ. ಅದಕ್ಕೆ ಸಿಗುತ್ತಿದ್ದ ನಲವತ್ತು ಸಾವಿರಕ್ಕಿಂತ ಒಂದು ದಿನ ಶಾಪ್ ನಿಂತರೆ ಆಗುವ ನಷ್ಟ ಜಾಸ್ತಿ.

ನಡುವೆ ಬ್ಲೋ ಗನ್ ಮೇಲೂ ಒಂದು ಪ್ರಯೋಗ ಆಯಿತು. ಹುಡುಗರು ಗನ್ ಬಿಟ್ಟು, ಟ್ಯೂಬ್ ತುದಿಗೆ 3 ಮಿಲಿಮೀಟರ್ ತೂತಿನ ತಾಮ್ರದ ಕೊಳವೆ ಸಿಕ್ಕಿಸಿಕೊಂಡಿದ್ದರು. ಆ ಒಂದು ತೂತೇ 20 ಸಿಎಫ್‌ಎಂ ಮೇಲೆ ಬಿಡುತ್ತದೆ. ಸಣ್ಣ ನಾಝಲ್ ಕೊಟ್ಟರೆ ಚಿಪ್ಸ್ ಹೋಗಲ್ಲ ಅಂದರು, ವಾರಕ್ಕೆ ಹಳೆ ಕೊಳವೆ ಮತ್ತೆ ಬಂತು. ಕೊನೆಗೆ ಗನ್ ಲೈನ್‌ಗೆ ಬೇರೆ ರೆಗ್ಯುಲೇಟರ್ ಹಾಕಿ 3 ಬಾರ್‌ಗೆ ಬೀಗ ಹಾಕಿದ್ದು ಕೆಲಸ ಮಾಡಿತು. ಇಡೀ ಲೈನನ್ನೇ ಒಂದು ಬಾರ್ ಇಳಿಸಿದರೆ ಶೇಕಡಾ ಆರೇಳು ಕರೆಂಟ್ ಉಳಿಯುತ್ತಿತ್ತು, ಆದರೆ ಒಂದು ವಿಎಂಸಿ ಟೂಲ್ ಅನ್‌ಕ್ಲ್ಯಾಂಪ್ ಆಗದೆ ಅಲಾರ್ಮ್ ಕೊಟ್ಟಿತು, ಅದನ್ನು ಅಲ್ಲಿಗೇ ಬಿಟ್ಟೆ.

ಲೆಕ್ಕ ಮೀರಿದ್ದು ಒಂದು ವಿಷಯದಲ್ಲಿ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಸ್ಕ್ರೂ ಹೈ ಟೆಂಪರೇಚರ್ ಅಂತ ಟ್ರಿಪ್ ಆಯಿತು. ಬಿಸಿಗಾಳಿ ಅದೇ ರೂಮಿನಲ್ಲಿ ಸುತ್ತಿ ಮತ್ತೆ ಒಳಗೆ ಹೋಗುತ್ತಿತ್ತು. ತಗಡಿನ ಡಕ್ಟ್ ಮಾಡಿಸಿ ಗೋಡೆಯಾಚೆ ಬಿಡಲು ಹನ್ನೆರಡು ಸಾವಿರ. ಇದನ್ನು ಮೊದಲ ದಿನವೇ ವೆಚ್ಚದಲ್ಲಿ ಬರೆಯಬೇಕಿತ್ತು.

ವರ್ಷ ಮುಗಿದಾಗ ಕಂಪ್ರೆಸರ್‌ಗೇ ಹಾಕಿದ್ದ ಮೀಟರ್ ತೋರಿಸಿದ್ದು ಅಂದುಕೊಂಡದ್ದಕ್ಕಿಂತ 1,500 ಯೂನಿಟ್ ಜಾಸ್ತಿ. ಡಕ್ಟ್ ಬಿಟ್ಟು ನೋಡಿದರೆ ವಾಪಸ್ ಎರಡು ವರ್ಷ ಎಂಟು ತಿಂಗಳಿಗೆ ಹೋಗುತ್ತದೆ, ಸೇರಿಸಿದರೆ ಇನ್ನೊಂದು ತಿಂಗಳು. ಒಂದೇ ಶಿಫ್ಟ್ ಆದರೆ ನಾಲ್ಕು ವರ್ಷ ದಾಟುತ್ತದೆ ಅನ್ನೋದನ್ನು ಯಜಮಾನರಿಗೆ ಕೊಟ್ಟ ಹಾಳೆಯಲ್ಲೇ ಬರೆದಿತ್ತು. ಅದೇ ಹಾಳೆಯ ಕೆಳಗೆ ಇನ್ನೊಂದು ಸಾಲು: ಸರಾಸರಿ ಬಳಕೆ 34 ಸಿಎಫ್‌ಎಂ ದಾಟಿದರೆ ಈ ಯಂತ್ರ ಸಾಲದು, ಎರಡನೆಯ 10 ಎಚ್‌ಪಿ ಬೇಕು. ಹೋದ ತಿಂಗಳು ನೋಡಿದಾಗ 31 ಇತ್ತು. ಐದನೆಯ ವಿಎಂಸಿಗೆ ಫೌಂಡೇಶನ್ ಹಾಕುತ್ತಿದ್ದಾರೆ.