ಹಾಳೆ ತಟ್ಟೆಯ ಜಾಹೀರಾತು ಮುಂದೆ ಸಾಗದಿದ್ದರೆ ಮೊದಲು ನೋಡಬೇಕಾದುದು

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ಹಾಳೆಯಿಂದ ತಟ್ಟೆ, ದೊನ್ನೆ ಮಾಡುವ ಪರಿಚಯಸ್ಥರೊಬ್ಬರು ಮದುವೆಯ ಕಾಲಕ್ಕೆಂದು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಕೊಟ್ಟಿದ್ದರು. ಎರಡು ದಿನ ಕಳೆದರೂ ಅದರ ಮುಂದೆ In review ಎಂದೇ ಇತ್ತು. ಪರಿಶೀಲನೆ ಮುಗಿದು ಜಾಹೀರಾತು ಓಡತೊಡಗಿದ ಮೇಲೆ, ಒಂದು ವಾರದೊಳಗೆ Learning limited ಎಂಬ ಇನ್ನೊಂದು ಗುರುತು ಕಾಣಿಸಿತು. ಎರಡೂ ಒಂದೇ ತೊಂದರೆಯೆಂದು ಅವರು ತಿಳಿದಿದ್ದರು. ಆದರೆ ಇವುಗಳ ಕಾರಣ ಬೇರೆ, ಪರಿಹಾರವೂ ಬೇರೆ.

ಮೊದಲು ಪರಿಶೀಲನೆಯ ಮಾತು. ಜಾಹೀರಾತಿನ ಚಿತ್ರ, ಬರಹ, ಯಾರಿಗೆ ತೋರಿಸಬೇಕೆಂದು ಆರಿಸಿದ್ದೇವೆ ಎಂಬುದು, ಒತ್ತಿದರೆ ತೆರೆಯುವ ಪುಟ, ಇವೆಲ್ಲವನ್ನೂ ಈ ಎರಡು ತಾಣಗಳನ್ನು ನಡೆಸುವ ಮೆಟಾ ಕಂಪನಿಯ ವ್ಯವಸ್ಥೆ ತನ್ನ ನಿಯಮಗಳೊಂದಿಗೆ ಹೋಲಿಸಿ ನೋಡುತ್ತದೆ. ಸಾಮಾನ್ಯವಾಗಿ ಇದು 24 ಗಂಟೆಗಳೊಳಗೆ ಮುಗಿಯುತ್ತದೆ, ಕೆಲವೊಮ್ಮೆ ಹೆಚ್ಚು ಸಮಯ ಹಿಡಿಯುತ್ತದೆ. ನಮ್ಮ ಪರಿಚಯಸ್ಥರು ಈ ಅವಧಿಯಲ್ಲಿ ಮೂರು ಬಾರಿ ಬೆಲೆಯ ಸಾಲನ್ನು ತಿದ್ದಿದ್ದರು, ಒಮ್ಮೆ ಚಿತ್ರವನ್ನೂ ಬದಲಿಸಿದ್ದರು. ಹೀಗೆ ಬರಹ ಅಥವಾ ಚಿತ್ರವನ್ನು ಮುಟ್ಟಿದಾಗಲೆಲ್ಲ ಪರಿಶೀಲನೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ತಡ ಆಗುತ್ತಿದೆ ಎಂದು ಅವರು ತಿದ್ದುತ್ತಿದ್ದರು, ತಿದ್ದಿದ್ದರಿಂದಲೇ ತಡ ಹೆಚ್ಚುತ್ತಿತ್ತು.

ಆದ್ದರಿಂದ ಕೊನೆಯ ತಿದ್ದುಪಡಿಯಾಗಿ ಪೂರ್ತಿ ಒಂದು ದಿನ ಕಳೆದಿದೆಯೇ ಎಂಬುದನ್ನು ಮೊದಲು ಲೆಕ್ಕ ಹಾಕಿ. ಕಳೆದಿದ್ದರೆ ಖಾತೆಯ ಬಿಲ್ಲಿಂಗ್ ಪುಟವನ್ನು ತೆರೆದು, ಹಣ ಕಟ್ಟುವ ಕಾರ್ಡ್ ಅಥವಾ ಯುಪಿಐ ಸರಿಯಾಗಿದೆಯೇ, ಹಳೆಯ ಬಾಕಿ ಉಳಿದಿದೆಯೇ, ಖಾತೆಗೆ ನೀವೇ ಹಾಕಿಕೊಂಡ ಖರ್ಚಿನ ಮಿತಿ ಮುಗಿದಿದೆಯೇ ಎಂದು ನೋಡಿ. ಆಮೇಲೆ Business Support Home ಎಂಬ ಪುಟದಲ್ಲಿ ಖಾತೆಯ ಮೇಲೆ ನಿರ್ಬಂಧವೇನಾದರೂ ಇದೆಯೇ ಎಂಬುದು ತಿಳಿಯುತ್ತದೆ. ಕೊನೆಗೆ ನಿಮ್ಮ ಜಾಲತಾಣದ ಕೊಂಡಿಯನ್ನು ಬೇರೊಬ್ಬರ ಮೊಬೈಲಿನಲ್ಲಿ ತೆರೆದು ನೋಡಿ. ಪುಟ ತೆರೆಯದಿದ್ದರೆ ಜಾಹೀರಾತು ತಿರಸ್ಕೃತವಾಗಬಹುದು. ಇವೆಲ್ಲ ಸರಿಯಿದ್ದೂ ಗುರುತು ಬದಲಾಗದಿದ್ದರೆ Business Support Home ಪುಟದಿಂದಲೇ ಸಹಾಯ ಕೇಳಬೇಕು. ಅದೇ ಜಾಹೀರಾತಿನ ನಕಲು ಮಾಡಿ ಮತ್ತೆ ಸಲ್ಲಿಸಿದರೆ ಆ ನಕಲೂ ಪರಿಶೀಲನೆಗೇ ಹೋಗುತ್ತದೆ. ಮದುವೆಯ ಕಾಲದಂತಹ ದಿನ ಗೊತ್ತಿರುವ ವ್ಯಾಪಾರಕ್ಕೆ, ಆರಂಭದ ದಿನಾಂಕವನ್ನು ಮುಂದಕ್ಕೆ ಇಟ್ಟು ಕೆಲವು ದಿನ ಮೊದಲೇ ಸಲ್ಲಿಸುವುದು ಮೇಲು.

ಎರಡನೆಯ ಗುರುತಿನ ಕಥೆ ಲೆಕ್ಕದ್ದು. ಯಾರಿಗೆ ತೋರಿಸಿದರೆ ಸಂದೇಶ ಬರುತ್ತದೆ ಎಂಬುದನ್ನು ವ್ಯವಸ್ಥೆ ಬಂದ ಫಲಿತಾಂಶಗಳಿಂದಲೇ ಕಲಿಯುತ್ತದೆ. ಅದಕ್ಕೆ ಪ್ರತಿ ಆ್ಯಡ್ ಸೆಟ್‌ಗೆ, ಅಂದರೆ ಒಂದೇ ಜನರ ಆಯ್ಕೆ ಮತ್ತು ಗುರಿ ಇರುವ ಜಾಹೀರಾತುಗಳ ಗುಂಪಿಗೆ, ಏಳು ದಿನಗಳಲ್ಲಿ ಸುಮಾರು 50 ಫಲಿತಾಂಶಗಳು ಬೇಕು. ಅಷ್ಟು ಬರುವ ಲಕ್ಷಣ ಇಲ್ಲದಿದ್ದಾಗ Learning limited ಎಂದು ತೋರಿಸುತ್ತದೆ. ಇದು ಶಿಕ್ಷೆಯಲ್ಲ, ಜಾಹೀರಾತು ಓಡುತ್ತಲೇ ಇರುತ್ತದೆ. ಆದರೆ ಒಂದೊಂದು ಫಲಿತಾಂಶಕ್ಕೆ ಬೀಳುವ ಖರ್ಚು ಸ್ಥಿರವಾಗಿರುವುದಿಲ್ಲ.

ನಮ್ಮ ಪರಿಚಯಸ್ಥರು ದಿನಕ್ಕೆ ₹300 ಇಟ್ಟು, ಅದನ್ನು ಶಿವಮೊಗ್ಗ, ಸಾಗರ, ಚಿಕ್ಕಮಗಳೂರು ಎಂದು ಮೂರು ಆ್ಯಡ್ ಸೆಟ್‌ಗಳಿಗೆ ತಲಾ ₹100ರಂತೆ ಹಂಚಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ವಿಚಾರಣೆಗೆ ಅವರಿಗೆ ಸುಮಾರು ₹25 ಬೀಳುತ್ತಿತ್ತು. ಅಂದರೆ ಒಂದೊಂದು ಸೆಟ್‌ಗೆ ದಿನಕ್ಕೆ 4, ವಾರಕ್ಕೆ 28. ಹೀಗೆ ಹಂಚಿದ ಮೇಲೆ ಯಾವ ಸೆಟ್ಟೂ 50ರ ಹತ್ತಿರ ಬರುವಂತಿರಲಿಲ್ಲ. ಮೂರೂ ಊರುಗಳನ್ನು ಒಂದೇ ಸೆಟ್‌ಗೆ ಸೇರಿಸಿದಾಗ ಅದೇ ₹300ಕ್ಕೆ ದಿನಕ್ಕೆ 12, ವಾರಕ್ಕೆ 84 ಎಂದಾಯಿತು. ಹಣ ಒಂದು ರೂಪಾಯಿಯೂ ಹೆಚ್ಚಲಿಲ್ಲ.

ಇದಕ್ಕೊಂದು ಮಿತಿ ಇದೆ. ಒಟ್ಟುಗೂಡಿಸಿದಾಗ ಅಗ್ಗವಾಗಿ ವಿಚಾರಣೆ ಬರುವ ಊರಿನ ಕಡೆಗೇ ಹಣ ಹೆಚ್ಚು ಹರಿಯುತ್ತದೆ. ನಿಮ್ಮ ಗಾಡಿ ಹೋಗದ ಊರನ್ನು ಸೇರಿಸಿದರೆ ಬಂದ ವಿಚಾರಣೆಗಳು ವ್ಯರ್ಥ, ಆದ್ದರಿಂದ ತಲುಪಿಸಬಲ್ಲ ಊರುಗಳನ್ನಷ್ಟೇ ಇಡಬೇಕು. ಹಾಗೆಯೇ, ಜಾಲತಾಣದಲ್ಲಿ ಖರೀದಿಯನ್ನು ಗುರಿಯಾಗಿ ಇಟ್ಟಿದ್ದರೆ, ಸಣ್ಣ ಘಟಕಕ್ಕೆ ವಾರಕ್ಕೆ 50 ಖರೀದಿ ದುಸ್ತರ. ಹೆಚ್ಚಾಗಿ ನಡೆಯುವ ವಾಟ್ಸ್‌ಆ್ಯಪ್ ಸಂಭಾಷಣೆಯನ್ನು ಗುರಿಯಾಗಿಸುವುದು ಒಳ್ಳೆಯದು. ಇನ್ನು, ಗುರುತು ಏನೇ ಇರಲಿ, ನಿಮಗೆ ಗಿಟ್ಟುವ ದರದಲ್ಲಿ ಆರ್ಡರ್ ಬರುತ್ತಿದ್ದರೆ ಅದನ್ನು ಮುಟ್ಟದೆ ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಬದಲಾವಣೆ ಮಾಡಿದ ಮೇಲೆ ಏಳು ದಿನ ಕೈ ಹಾಕಬಾರದು. ಚಿತ್ರ, ಜನರ ಆಯ್ಕೆ, ಗುರಿ ಇವುಗಳನ್ನು ಬದಲಿಸಿದರೂ, ಬಜೆಟ್ಟನ್ನು ಒಮ್ಮೆಲೇ ಬಹಳ ಏರಿಸಿದರೂ ಕಲಿಕೆ ಮತ್ತೆ ಮೊದಲಿಗೆ ಬರುತ್ತದೆ. ನಮ್ಮ ಪರಿಚಯಸ್ಥರಿಗೆ ಎಲ್ಲಕ್ಕಿಂತ ಕಷ್ಟವೆನಿಸಿದ್ದು ಆ ಏಳು ದಿನ ಸುಮ್ಮನಿರುವುದು.